ಗೀರು ಹೊರಗೆ, ಗುಟ್ಟು ಒಳಗೆ

'ಹೊಸದರಂತೆಯೇ ಇದೆ' ಎಂಬ ಮಾತಿಗೆ ಸೆಕೆಂಡ್‌ಹ್ಯಾಂಡ್ ಫೋನ್ ಕೊಳ್ಳುವವರು ಸುಲಭಕ್ಕೆ ಮರುಳಾಗುವುದಿಲ್ಲ. ಫ್ರಾನ್ಸಿನಲ್ಲಿ 2014ರಲ್ಲಿ ಶುರುವಾದ ಬ್ಯಾಕ್ ಮಾರ್ಕೆಟ್ ಇದನ್ನರಿತ ಮಾರುಕಟ್ಟೆ. ಅಲ್ಲಿ ಫೋನ್ ರಿಪೇರಿ ಮಾಡಿ ಮಾರುವವರು ಬೇರೆ ಬೇರೆ ವ್ಯಾಪಾರಿಗಳು; 30 ದಿನದೊಳಗೆ ವಾಪಸು, ಒಂದು ವರ್ಷದ ವಾರಂಟಿ ಎಂಬ ಭರವಸೆ ಮಾತ್ರ ಎಲ್ಲರಿಗೂ ಒಂದೇ. ಗ್ರೇಡ್ ಹೇಳುವುದು ಮುಖ್ಯವಾಗಿ ಹೊರಮೈಯ ಗೀರುಗಳನ್ನು. ಗ್ರೇಡ್ ಕಡಿಮೆಯೆಂದು ಫೋನ್ ಅರ್ಧಂಬರ್ಧ ಕೆಲಸ ಮಾಡುವಂತಿಲ್ಲ.

ಆದರೆ ಕೊಳ್ಳುವವರ ಅನುಮಾನವಿರುವುದು ಒಳಗಿನ ಬಿಡಿಭಾಗಗಳ ಮೇಲೆ.

ಐಫೋನ್ 12 ಅಥವಾ ನಂತರದ ಮಾದರಿಯನ್ನೇ ನೋಡಿ. ಐಓಎಸ್ 15.2ರಿಂದೀಚೆಗೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋದರೆ ಪರದೆ, ಬ್ಯಾಟರಿ, ಕ್ಯಾಮೆರಾ ಬದಲಾಗಿದ್ದರೆ ಫೋನೇ ಹೇಳುತ್ತದೆ. ಹಾಕಿದ್ದು ಕಂಪನಿಯ ಅಸಲಿ ಭಾಗವಲ್ಲದಿದ್ದರೆ 'ಅನ್‌ನೋನ್ ಪಾರ್ಟ್' ಎಂದು ತೋರಿಸುತ್ತದೆ. ಮಾರುವವರು ಈ ಪುಟದ ಚಿತ್ರವನ್ನು, ಬ್ಯಾಟರಿ ಎಷ್ಟು ಶೇಕಡಾ ಉಳಿದಿದೆ ಎಂಬುದರ ಜೊತೆಗೆ, ಬೆಲೆಯ ಪಕ್ಕದಲ್ಲೇ ಹಾಕಬೇಕು. ನೂರು ವಿಶೇಷಣಗಳಿಗಿಂತ ಅದು ಮೇಲು.

ವಾರಂಟಿಯದೂ ಅದೇ ಕಥೆ. ಒಡೆದ ಪರದೆ, ನೀರು ಹೊಕ್ಕ ಫೋನು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಇದನ್ನು ಸಣ್ಣ ಅಕ್ಷರದಲ್ಲಿ ಬಚ್ಚಿಟ್ಟರೆ ಜಗಳ ಖಚಿತ; ಮೊದಲೇ ಹೇಳಿದರೆ ಗಿರಾಕಿ ಉಳಿಯುತ್ತಾನೆ.

ನಮ್ಮಲ್ಲಿ ಕೊಳ್ಳುವವರು *#06# ಒತ್ತಿ, ಬರುವ ಐಎಂಇಐ ಸಂಖ್ಯೆ ಬಿಲ್ಲಿನಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ನೋಡಿ. KYM ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಬ್ಲ್ಯಾಕ್‌ಲಿಸ್ಟ್ ಎಂದು ಉತ್ತರ ಬಂದರೆ ಕೊಳ್ಳಬೇಡಿ.