ಭಾಗವತರನ್ನು ಕಾಲೇಜಿಗೆ ಕರೆಯುವಾಗ

ಕಾಲೇಜಿನ ಕನ್ನಡ ಸಂಘವು ಯಕ್ಷಗಾನದ ಹಿರಿಯ ಭಾಗವತರೊಬ್ಬರನ್ನು ಉಪನ್ಯಾಸಕ್ಕೆ ಕರೆಯಬೇಕೆಂದಿದೆ ಎನ್ನೋಣ. ಪತ್ರ ಬರೆಯುವ ಮೊದಲು ಮೇಳದ ತಿರುಗಾಟದ ಕಾಲ ಯಾವುದೆಂದು ನೋಡಬೇಕು. ದಕ್ಷಿಣ ಕನ್ನಡದ ಕಡೆಯ ಮೇಳಗಳು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಹೊರಟು, ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಈ ನಡುವೆ ರಾತ್ರಿಯಿಡೀ ಪದ ಹೇಳಿದವರಿಗೆ ಬೆಳಗಿನ ಹತ್ತು ಗಂಟೆ ನಿದ್ದೆಯ ಹೊತ್ತು. ಹಾಗಾಗಿ ಜೂನ್ ನಂತರದ ದಿನ ಕೇಳುವುದು ಒಳ್ಳೆಯದು.

ಇಂಥ ಪತ್ರಗಳು ಸೋಲುವುದು ಹೆಚ್ಚಾಗಿ ವಿಷಯದಲ್ಲಿ. 'ನಮ್ಮ ಸಂಸ್ಕೃತಿಯ ಬಗ್ಗೆ ನಾಲ್ಕು ಮಾತಾಡಿ' ಎಂದು ಬರೆದರೆ ಭಾಗವತರಿಗೆ ಏನನ್ನು ಸಿದ್ಧಮಾಡಿಕೊಳ್ಳಬೇಕೆಂದೇ ತಿಳಿಯದು. ಅವರಿಂದಲೇ ಕಲಿಯಬಹುದಾದದ್ದನ್ನು ಕೇಳಬೇಕು. ಪತ್ರ ಹೀಗಿರಬಹುದು:

'ಮಾನ್ಯರೇ, ನಮ್ಮ ಬಿ.ಎ. ವಿದ್ಯಾರ್ಥಿಗಳು ಯಕ್ಷಗಾನ ಪ್ರಸಂಗವೊಂದನ್ನು ಪಠ್ಯವಾಗಿ ಓದುತ್ತಿದ್ದಾರೆ. ಪದ್ಯದ ಮೇಲೆ ಅಚ್ಚಾದ ರಾಗ, ತಾಳಗಳ ಹೆಸರು ಅವರಿಗೆ ಗೊತ್ತು. ಹಾಡಿಕೆ ಕೇಳಿದವರು ಕಡಿಮೆ. ರಂಗದಲ್ಲಿ ಸನ್ನಿವೇಶಕ್ಕೆ ತಕ್ಕಂತೆ ಪದ್ಯದ ನಡೆಯನ್ನು ತಾವು ಹೇಗೆ ಬದಲಿಸುತ್ತೀರಿ ಎಂಬುದನ್ನು ಎರಡು ಮೂರು ಪದ್ಯ ಹಾಡಿ ವಿವರಿಸಬೇಕೆಂದು ಕೋರುತ್ತೇವೆ. ಜುಲೈ 18, ಶನಿವಾರ, ಬೆಳಿಗ್ಗೆ 11ಕ್ಕೆ ಕಾಲೇಜಿನ ಸಭಾಂಗಣದಲ್ಲಿ ಕಾರ್ಯಕ್ರಮ. ತಮಗೆ 60 ನಿಮಿಷ, ಪ್ರಶ್ನೋತ್ತರಕ್ಕೆ 20 ನಿಮಿಷ. ಸುಮಾರು 80 ವಿದ್ಯಾರ್ಥಿಗಳು ಇರುತ್ತಾರೆ.'

ತಾರೀಖಿನ ಜೊತೆ ವಾರವನ್ನೂ ಬರೆದರೆ ಒಂದರಲ್ಲಿ ತಪ್ಪಾಗಿದ್ದರೂ ಓದುವವರಿಗೆ ಸಿಕ್ಕಿಬೀಳುತ್ತದೆ. ಭಾಗವತರ ಸಮಯವನ್ನು ಸಭಾ ಕಾರ್ಯಕ್ರಮದಿಂದ ಬೇರೆಯಾಗಿಯೇ ತಿಳಿಸಬೇಕು. ಇಲ್ಲವಾದರೆ ಪ್ರಾರ್ಥನೆ, ಸ್ವಾಗತ, ಸನ್ಮಾನಗಳೇ ಮುಕ್ಕಾಲು ಗಂಟೆ ನುಂಗಿ, ಅವರಿಗೆ ಊಟದ ಗಂಟೆಯ ಹಿಂದಿನ ಹದಿನೈದು ನಿಮಿಷವಷ್ಟೇ ಉಳಿಯುತ್ತದೆ.

ಪತ್ರದ ಮುಂದಿನ ಭಾಗ ಹಿಮ್ಮೇಳದ್ದು. ಹಾಡಿ ತೋರಿಸಬೇಕೆಂದರೆ ಮದ್ದಳೆ, ಚೆಂಡೆ ಬೇಕಾಗುತ್ತದೆ. ವಾದಕರನ್ನು ಅವರೇ ಕರೆತರುತ್ತಾರೋ ನೀವು ಗೊತ್ತುಮಾಡಬೇಕೋ ಎಂದು ಕೇಳಿ. ಹೊಂದಿಕೆಯಾದ ಮದ್ದಳೆಗಾರರ ಆಯ್ಕೆಯನ್ನು ಭಾಗವತರಿಗೇ ಬಿಡುವುದು ಲೇಸು. ಬರುವವರೆಲ್ಲರ ಪ್ರಯಾಣ, ಊಟ, ವಸತಿ ಯಾರ ಹೊಣೆ ಎಂಬುದೂ ಅಲ್ಲೇ ಇರಲಿ.

ಸಂಭಾವನೆಯ ಮಾತಿಗೆ ಸಂಕೋಚಪಟ್ಟು 'ಯಥೋಚಿತ' ಎಂದು ಬರೆಯುವ ಅಭ್ಯಾಸವಿದೆ. ಕಲೆಯೇ ಜೀವನೋಪಾಯವಾದವರಿಗೆ ಅದರಿಂದ ತೊಂದರೆ. ಭಾಗವತರಿಗೆ ಎಷ್ಟು, ವಾದಕರಿಗೆ ಎಷ್ಟು, ಯಾವಾಗ ಸಲ್ಲುತ್ತದೆ ಎಂದು ಬರೆಯಿರಿ. ಹಣ ಕಡಿಮೆಯಿದ್ದರೆ ಅದನ್ನೂ ನೇರವಾಗಿ ತಿಳಿಸಿ. ಒಪ್ಪುವುದು ಬಿಡುವುದು ಅವರ ಇಷ್ಟ. ವಿಡಿಯೊ ಮಾಡುವ ಯೋಚನೆಯಿದ್ದರೆ ಅನುಮತಿಯನ್ನು ಪತ್ರದಲ್ಲೇ ಕೇಳಬೇಕು.

ಕೊನೆಯಲ್ಲಿ ಉತ್ತರ ಬೇಕಾದ ದಿನ, ಒಬ್ಬರೇ ಸಂಪರ್ಕದ ವ್ಯಕ್ತಿಯ ಹೆಸರು, ಫೋನ್ ಸಂಖ್ಯೆ ಇರಲಿ. ಒಪ್ಪಿಗೆ ಕೈಸೇರುವ ತನಕ ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ಅಚ್ಚು ಹಾಕಿಸಬೇಡಿ.