ಗಾಜಿನ ಟ್ಯೂಬಿನಲ್ಲಿ ಇಪ್ಪತ್ತು ನಿಮಿಷ

ಹಾವು ಕಚ್ಚಿದವರು ಆಸ್ಪತ್ರೆಗೆ ಬಂದಾಗ ಮೊದಲು ಮಾಡುವ ರಕ್ತಪರೀಕ್ಷೆಗೆ ಯಂತ್ರ ಬೇಕಿಲ್ಲ. ರಕ್ತನಾಳದಿಂದ ಎರಡು ಎಂಎಲ್ ರಕ್ತ ತೆಗೆದು, ಸ್ವಚ್ಛವಾದ ಒಣ ಗಾಜಿನ ಟೆಸ್ಟ್‌ಟ್ಯೂಬಿಗೆ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ನಿಲ್ಲಿಸುತ್ತಾರೆ. ಆಮೇಲೆ ಒಂದು ಸಲ ಓರೆ ಮಾಡಿ ನೋಡುತ್ತಾರೆ. ರಕ್ತ ಗಟ್ಟಿಯಾಗಿ ತಳದಲ್ಲೇ ಕುಳಿತಿದ್ದರೆ ಸದ್ಯಕ್ಕೆ ಸಮಾಧಾನ. ನೀರಿನಂತೆ ಹರಿದರೆ ಅದು ಕೊಳಕುಮಂಡಲದ ಅಥವಾ ಗರಗಸ ಮಂಡಲದ ವಿಷ ಎಂಬ ಬಲವಾದ ಅನುಮಾನ, ಪ್ರತಿವಿಷ ಶುರುವಾಗುತ್ತದೆ.

ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿಗೆ ಇಲ್ಲೊಂದು ಪ್ರಶ್ನೆ ಏಳಬೇಕು: ಗಾಜಿನ ಟ್ಯೂಬೇ ಯಾಕೆ? ವಾರ್ಡಿನ ತುಂಬ ಪ್ಲಾಸ್ಟಿಕ್ ಟ್ಯೂಬುಗಳಿವೆಯಲ್ಲ? ಪಠ್ಯಪುಸ್ತಕದಲ್ಲಿ ಬಾಣಗಳ ಜಾಲದಂತೆ ಕಾಣುವ ಕ್ಲಾಟಿಂಗ್ ಕ್ಯಾಸ್ಕೇಡ್ ಅರ್ಥವಾಗುವುದು ಈ ಒಂದು ಪ್ರಶ್ನೆಯಿಂದಲೇ.

ಪ್ಲಾಸ್ಮಾದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಸದಾ ಇರುತ್ತವೆ, ಆದರೆ ನಿಷ್ಕ್ರಿಯವಾಗಿ. ಅವುಗಳಿಗೆ ಫ್ಯಾಕ್ಟರ್ ಎಂದು ಹೆಸರು, ಪುಸ್ತಕಗಳಲ್ಲಿ ರೋಮನ್ ಅಂಕಿಗಳು. ಒಂದು ಫ್ಯಾಕ್ಟರ್ ಎಚ್ಚೆತ್ತರೆ ಅದು ಕಿಣ್ವವಾಗಿ ಮುಂದಿನದರ ಹಲವು ಅಣುಗಳನ್ನು ಎಬ್ಬಿಸುತ್ತದೆ. ಹೀಗೆ ಮೆಟ್ಟಿಲು ಇಳಿದಂತೆ ಪ್ರಮಾಣ ಬೆಳೆಯುತ್ತ ಹೋಗುತ್ತದೆ. ಅಂಕಿಗಳು ಕ್ರಮವಾಗಿಲ್ಲ ಎಂದು ವಿದ್ಯಾರ್ಥಿಗಳು ಗೊಣಗುವುದು ನ್ಯಾಯವೇ. ಯಾವುದು ಮೊದಲು ಪತ್ತೆಯಾಯಿತೋ ಅದಕ್ಕೆ ಮೊದಲ ಅಂಕಿ ಎಂಬಂತೆ ಇಟ್ಟುಕೊಂಡು ಬಂದರು, ಕೆಲಸದ ಕ್ರಮ ಆಮೇಲೆ ಗೊತ್ತಾಯಿತು. ಫ್ಯಾಕ್ಟರ್ 6 ಎಂಬುದು ಈಗ ಪಟ್ಟಿಯಲ್ಲೇ ಇಲ್ಲ.

ರಕ್ತ ಗಾಜಿಗೆ ತಾಗಿದಾಗ ಎಚ್ಚರಗೊಳ್ಳುವುದು ಫ್ಯಾಕ್ಟರ್ 12. ಅದು 11ನ್ನು ಎಬ್ಬಿಸುತ್ತದೆ, 11 ಫ್ಯಾಕ್ಟರ್ 9ನ್ನು. ಎಚ್ಚೆತ್ತ 9, ಫ್ಯಾಕ್ಟರ್ 8ರ ಸಹಾಯ ಪಡೆದು ಫ್ಯಾಕ್ಟರ್ 10ರ ಬಾಗಿಲು ತಟ್ಟುತ್ತದೆ. ಇದಕ್ಕೆ ಬೇಕಾದ ಎಲ್ಲವೂ ರಕ್ತದ ಒಳಗೇ ಇರುವುದರಿಂದ ಇದು ಇಂಟ್ರಿನ್ಸಿಕ್ ಪಾತ್‌ವೇ, ಅಂದರೆ ಒಳದಾರಿ. ಪ್ಲಾಸ್ಟಿಕ್ ಮೇಲ್ಮೈ ಫ್ಯಾಕ್ಟರ್ 12ನ್ನು ಹೀಗೆ ಕೆರಳಿಸುವುದಿಲ್ಲ. ಸೋಪುಪುಡಿಯಲ್ಲಿ ತೊಳೆದ ಗಾಜೂ ಆ ಗುಣ ಕಳೆದುಕೊಳ್ಳಬಹುದು. ಆಗ ಆರೋಗ್ಯವಂತರ ರಕ್ತವೂ ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗದೆ, ವಿಷವೇ ಏರದವರಿಗೆ ಪ್ರತಿವಿಷ ಏರಿಸಿದಂತಾಗುತ್ತದೆ. ಪ್ರತಿವಿಷದಿಂದ ತೀವ್ರ ಅಲರ್ಜಿ ಆಗಬಹುದಾದ್ದರಿಂದ ಈ ತಪ್ಪು ಸಣ್ಣದಲ್ಲ.

ಕತ್ತಿ ತಾಗಿ ಬೆರಳು ಕುಯ್ದಾಗ ಮಾತ್ರ ಅಲ್ಲಿ ಗಾಜು ಇರುವುದಿಲ್ಲ. ಪ್ಲೇಟ್‌ಲೆಟ್‌ಗಳು ಗಾಯದ ಬಾಯಿಗೆ ಅಂಟಿಕೊಳ್ಳುತ್ತಿರುವಾಗಲೇ ರಕ್ತನಾಳದ ಹೊರಗಿನ ಜೀವಕೋಶಗಳಲ್ಲಿರುವ ಟಿಶ್ಯೂ ಫ್ಯಾಕ್ಟರ್ ರಕ್ತಕ್ಕೆ ಸಿಗುತ್ತದೆ. ಅದು ಫ್ಯಾಕ್ಟರ್ 7ರ ಜೊತೆ ಸೇರಿ ನೇರವಾಗಿ 10ನ್ನು ಎಬ್ಬಿಸುತ್ತದೆ. ಇದು ಎಕ್ಸ್‌ಟ್ರಿನ್ಸಿಕ್, ಹೊರದಾರಿ. ಬಹಳ ಗಿಡ್ಡ, ಬಹಳ ವೇಗ.

ಎರಡೂ ದಾರಿ ಕೂಡುವುದು ಫ್ಯಾಕ್ಟರ್ 10ರಲ್ಲಿ. ಅಲ್ಲಿಂದ ಮುಂದೆ ಕಾಮನ್ ಪಾತ್‌ವೇ. ಎಚ್ಚೆತ್ತ 10, ಫ್ಯಾಕ್ಟರ್ 5 ಮತ್ತು ಕ್ಯಾಲ್ಸಿಯಂ ಜೊತೆಗೂಡಿ ಪ್ರೋಥ್ರಾಂಬಿನ್ ಎಂಬ ಫ್ಯಾಕ್ಟರ್ 2ನ್ನು ಥ್ರಾಂಬಿನ್ ಮಾಡುತ್ತದೆ. ಥ್ರಾಂಬಿನ್, ಫೈಬ್ರಿನೋಜೆನ್ ಎಂಬ ಫ್ಯಾಕ್ಟರ್ 1ನ್ನು ಫೈಬ್ರಿನ್ ಎಳೆಗಳಾಗಿಸುತ್ತದೆ. ಕೊನೆಗೆ ಫ್ಯಾಕ್ಟರ್ 13 ಆ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಹತ್ತು, ಐದು, ಎರಡು, ಒಂದು: ಹಳೆಯ ರೂಪಾಯಿ ನೋಟುಗಳನ್ನು ನೆನೆದುಕೊಂಡರೆ ಪರೀಕ್ಷೆಯಲ್ಲಿ ಈ ಸಾಲು ಮರೆಯುವುದಿಲ್ಲ.

ಹಾಗಾದರೆ ಒಳದಾರಿ ದೇಹಕ್ಕೆ ಬೇಕೇ ಇಲ್ಲವೇ? ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಆಸ್ಕರ್ ರಾಟ್ನಾಫ್ ಎಂಬ ವೈದ್ಯರು 1955ರಲ್ಲಿ ವರದಿ ಮಾಡಿದ ಜಾನ್ ಹೇಗ್‌ಮನ್ ಎಂಬ ರೈಲ್ವೆ ನೌಕರನ ಕಥೆ ಇಲ್ಲಿ ಸ್ವಾರಸ್ಯಕರ. ಗಾಜಿನ ಟ್ಯೂಬಿನಲ್ಲಿ ಅವನ ರಕ್ತ ಹೆಪ್ಪುಗಟ್ಟಲು ತೀರಾ ಹೊತ್ತು ಹಿಡಿಯುತ್ತಿತ್ತು, ಆದರೆ ಅವನಿಗೆ ರಕ್ತಸ್ರಾವದ ತೊಂದರೆಯೇ ಇರಲಿಲ್ಲ. ಅವನಲ್ಲಿ ಇಲ್ಲದಿದ್ದದ್ದು ಫ್ಯಾಕ್ಟರ್ 12. ವಿಪರ್ಯಾಸವೆಂದರೆ 1968ರಲ್ಲಿ ಅವನು ತೀರಿಕೊಂಡದ್ದು ಶ್ವಾಸಕೋಶಕ್ಕೆ ಸಿಕ್ಕಿಕೊಂಡ ರಕ್ತದ ಹೆಪ್ಪಿನಿಂದ. ಫ್ಯಾಕ್ಟರ್ 12 ಗಾಜಿನಲ್ಲಿ ಮುಖ್ಯ, ಗಾಯದಲ್ಲಿ ಅಲ್ಲ.

ಆದರೆ 8 ಮತ್ತು 9 ಹಾಗಲ್ಲ; ಅವು ಕಡಿಮೆಯಾದರೆ ಹಿಮೋಫಿಲಿಯಾ. ಹೊರದಾರಿ ಸರಿಯಿದ್ದೂ ಈ ರೋಗಿಗಳ ರಕ್ತ ನಿಲ್ಲದಿರುವುದಕ್ಕೆ ಕಾರಣವಿದೆ. ಹೊರದಾರಿ ಹಚ್ಚಿದ ಕಿಡಿಯನ್ನು ದೇಹವೇ ಬೇಗ ಆರಿಸಿಬಿಡುತ್ತದೆ. ಅಷ್ಟರಲ್ಲಿ ಹುಟ್ಟಿದ ಚೂರು ಥ್ರಾಂಬಿನ್ ಹಿಂದಕ್ಕೆ ತಿರುಗಿ 5, 8, 11ನ್ನು ಎಬ್ಬಿಸಿ, 8-9ರ ಜೋಡಿಯ ಮೂಲಕ ಕೆಲಸ ಮುಂದುವರಿಸಬೇಕು. ಚಿತ್ರದಲ್ಲಿ ಎರಡು ಪ್ರತ್ಯೇಕ ದಾರಿಗಳಾಗಿ ಕಾಣುವುದು ಗಾಯದಲ್ಲಿ ಒಂದೇ ಕೆಲಸದ ಆರಂಭ ಮತ್ತು ಮುಂದುವರಿಕೆ. ಮೂರು ದಾರಿಗಳ ನಕ್ಷೆ ಹೆಚ್ಚಾಗಿ ಪ್ರಯೋಗಾಲಯದ ವರದಿ ಓದಲು ಒದಗುತ್ತದೆ, ಅದಕ್ಕಾಗಿಯೇ ಕಲಿಯಬೇಕು. ಪಿಟಿ ಪರೀಕ್ಷೆ ಟಿಶ್ಯೂ ಫ್ಯಾಕ್ಟರ್ ಹಾಕಿ ಹೊರದಾರಿಯನ್ನು ಅಳೆಯುತ್ತದೆ, ಎಪಿಟಿಟಿ ಒಳದಾರಿಯನ್ನು. ಎರಡೂ ಕೊನೆಗೆ ಕಾಮನ್ ಪಾತ್‌ವೇ ಹಾದೇ ಹೋಗಬೇಕು. ಹಿಮೋಫಿಲಿಯಾದಲ್ಲಿ ಎಪಿಟಿಟಿ ಮಾತ್ರ ಉದ್ದವಾಗುತ್ತದೆ. ವಾರ್ಫರಿನ್ ಶುರುಮಾಡಿದವರಲ್ಲಿ ಮೊದಲು ಏರುವುದು ಪಿಟಿ, ಏಕೆಂದರೆ ಫ್ಯಾಕ್ಟರ್ 7ರ ಆಯುಸ್ಸು ಕೆಲವೇ ಗಂಟೆ.

ಈಗ ಒಂದು ಪ್ರಕರಣ ಊಹಿಸಿಕೊಳ್ಳೋಣ. ಸಂಜೆ ಏಳಕ್ಕೆ ಗದ್ದೆ ಬದುವಿನಲ್ಲಿ ಕೊಳಕುಮಂಡಲ ಕಚ್ಚಿದ ರೈತರೊಬ್ಬರು ಎಂಟೂವರೆಗೆ ಆಸ್ಪತ್ರೆ ಸೇರುತ್ತಾರೆ. ಕಾಲು ಊದಿದೆ, ವಸಡಿನಲ್ಲಿ ರಕ್ತ ಜಿನುಗುತ್ತಿದೆ. ಇಪ್ಪತ್ತು ನಿಮಿಷದ ನಂತರವೂ ಟ್ಯೂಬಿನ ರಕ್ತ ಹರಿಯುತ್ತದೆ. ಲ್ಯಾಬಿನಿಂದ ಬಂದ ವರದಿಯಲ್ಲಿ ಪಿಟಿ, ಎಪಿಟಿಟಿ ಎರಡೂ ಉದ್ದ. ಎರಡೂ ಕೆಟ್ಟಿದ್ದರೆ ಮೊದಲು ಕಣ್ಣು ಹಾಯಬೇಕಾದ್ದು ದಾರಿಗಳು ಕೂಡುವ ಜಾಗದತ್ತ. ಕೊಳಕುಮಂಡಲದ ವಿಷ ಮಾಡುವುದೂ ಅದನ್ನೇ: ಮೇಲಿನ ಎರಡೂ ದಾರಿ ಬಿಟ್ಟು ನೇರವಾಗಿ ಫ್ಯಾಕ್ಟರ್ 10 ಮತ್ತು 5ನ್ನು ಎಬ್ಬಿಸುತ್ತದೆ. ಗರಗಸ ಮಂಡಲದ ವಿಷ ಇನ್ನೂ ಒಂದು ಮೆಟ್ಟಿಲು ಕೆಳಗೆ, ಪ್ರೋಥ್ರಾಂಬಿನ್‌ಗೇ ಕೈಹಾಕುತ್ತದೆ. ರಕ್ತನಾಳಗಳ ತುಂಬ ಸಣ್ಣಸಣ್ಣ ಹೆಪ್ಪು ಕಟ್ಟಿ ಕರಗಿ, ಫೈಬ್ರಿನೋಜೆನ್ ಖಾಲಿಯಾಗುತ್ತದೆ. ಹೆಪ್ಪುಗಟ್ಟಿಸುವ ವಿಷದಿಂದ ರಕ್ತಸ್ರಾವವಾಗುವ ವಿಚಿತ್ರ ಇದು.

ಈ ರೋಗಿಗೆ ವಿಟಮಿನ್ ಕೆ ಕೊಟ್ಟು ಪ್ರಯೋಜನವಿಲ್ಲ. ಅವರ ಯಕೃತ್ತಿಗೆ ಅದರ ಕೊರತೆಯಿಲ್ಲ. ವಿಷ ಇನ್ನೂ ರಕ್ತದಲ್ಲಿರುವಾಗ ಪ್ಲಾಸ್ಮಾ ಏರಿಸಿದರೆ ಅದೂ ಖರ್ಚಾಗಿಬಿಡಬಹುದು. ಮೊದಲು ಪ್ರತಿವಿಷ. ಅದು ವಿಷವನ್ನು ತಡೆದ ಮೇಲೂ ಯಕೃತ್ತು ಫೈಬ್ರಿನೋಜೆನ್ ಹೊಸದಾಗಿ ತಯಾರಿಸಲು ಸುಮಾರು ಆರು ಗಂಟೆ ಬೇಕು. ಹಾಗಾಗಿ ಟ್ಯೂಬಿನ ಪರೀಕ್ಷೆ ಮತ್ತೆ ಆರು ಗಂಟೆಗೆ. ಅಲ್ಲಿಯತನಕ ಸ್ನಾಯುವಿಗೆ ಚುಚ್ಚುಮದ್ದು ಬೇಡ, ರಕ್ತ ತೆಗೆದ ಜಾಗವನ್ನು ಹೊತ್ತು ಹಿಡಿದು ಒತ್ತಬೇಕು, ಮೂತ್ರದ ಬಣ್ಣ ನೋಡುತ್ತಿರಬೇಕು. ಪರೀಕ್ಷೆಗೆ ಮಿತಿಯೂ ಇದೆ. ಫೈಬ್ರಿನೋಜೆನ್ ಸ್ವಲ್ಪವೇ ಕುಸಿದಿದ್ದರೆ ರಕ್ತ ಗಟ್ಟಿಯಾಗಿಯೇ ಕಾಣುತ್ತದೆ. ಆದ್ದರಿಂದ ಮೊದಲ ಸಲ ಗಟ್ಟಿಯಾಯಿತೆಂದು ಮನೆಗೆ ಕಳಿಸುವಂತಿಲ್ಲ.

1964ರಲ್ಲಿ ಈ ಸರಣಿಗೆ ಕ್ಯಾಸ್ಕೇಡ್ ಎಂಬ ಹೆಸರು ಕೊಟ್ಟ ಇಂಗ್ಲೆಂಡಿನ ಆರ್.ಜಿ. ಮ್ಯಾಕ್‌ಫರ್ಲೇನ್, ಅದಕ್ಕೂ ಮೂವತ್ತು ವರ್ಷ ಹಿಂದೆ ಬರ್ಜೆಸ್ ಬಾರ್ನೆಟ್ ಜೊತೆ ಕೊಳಕುಮಂಡಲದ ವಿಷವನ್ನೇ ತೆಳುವಾಗಿಸಿ ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದ್ದರು. 8 ಇಲ್ಲದವರಲ್ಲೂ ಅದು ಕೆಲಸ ಮಾಡಿತು, ಏಕೆಂದರೆ ವಿಷಕ್ಕೆ 8 ಬೇಕಿರಲಿಲ್ಲ. ಲೂಪಸ್ ಆಂಟಿಕೋಆಗ್ಯುಲಂಟ್ ಎಂಬ ಪ್ರತಿಕಾಯ ಹುಡುಕುವ ಪ್ರಯೋಗಾಲಯಗಳು ಇಂದಿಗೂ ಅದೇ ವಿಷವನ್ನು ತೆಳುವಾಗಿಸಿ ಬಳಸುತ್ತವೆ.