ಸೋಪಿನ ಹಿಂದಿನ ಕಥೆ

ಶಿರಸಿಯ ಗೃಹಿಣಿಯೊಬ್ಬರು ತೆಂಗಿನೆಣ್ಣೆಯ ಸೋಪು ಮಾರಲು ವೆಬ್‌ಸೈಟ್ ತೆರೆದರು ಎಂದುಕೊಳ್ಳಿ. ‘ನಮ್ಮ ಕಥೆ’ ಪುಟದಲ್ಲಿ ಅವರು ಮೊದಲು ಬರೆದದ್ದು ಹೀಗೆ: ‘ಮಗಳ ಇಸುಬಿಗೆ ಯಾವ ಔಷಧಿಯೂ ನಾಟಲಿಲ್ಲ. ನನ್ನ ರಾಸಾಯನಿಕಮುಕ್ತ ಸೋಪು ಗುಣಪಡಿಸಿತು.’

ಎರಡು ವಾಕ್ಯ, ಎರಡು ತೊಡಕು. ಕಾನೂನಿನ ಪ್ರಕಾರ ಸೌಂದರ್ಯವರ್ಧಕದ ಕೆಲಸ ಶುಚಿಗೊಳಿಸುವುದು, ಅಂದ ಹೆಚ್ಚಿಸುವುದು. ರೋಗ ಗುಣಪಡಿಸುತ್ತದೆ ಎಂದೊಡನೆ ಅದು ಔಷಧದ ಸಾಲಿಗೆ ಹೋಗುತ್ತದೆ, ಅದಕ್ಕೆ ಬೇರೆಯೇ ಪರವಾನಗಿ ಬೇಕು. ಇನ್ನು ‘ರಾಸಾಯನಿಕಮುಕ್ತ’? ಕಾಸ್ಟಿಕ್ ಸೋಡಾ ಎಣ್ಣೆಯೊಡನೆ ಸೇರಿ ವರ್ತಿಸದೆ ಸೋಪೇ ಹುಟ್ಟುವುದಿಲ್ಲ. ಇದನ್ನು ಬಲ್ಲ ಗ್ರಾಹಕ ಅಲ್ಲಿಗೇ ಪುಟ ಮುಚ್ಚುತ್ತಾನೆ.

ತಿದ್ದಿದ ರೂಪ ಇದು: ‘ಮಗಳಿಗೆ ಪರಿಮಳದ ಸೋಪು ಹಾಕಿದರೆ ಮೈ ಉರಿಯುತ್ತಿತ್ತು. ಹಾಗಾಗಿ ಪರಿಮಳವಿಲ್ಲದ ಸೋಪು ಮಾಡಲು ಕಲಿತೆ. ತೆಂಗಿನೆಣ್ಣೆ, ಹರಳೆಣ್ಣೆ, ನೀರು, ಕಾಸ್ಟಿಕ್ ಸೋಡಾ, ಇಷ್ಟೇ ಸಾಮಗ್ರಿ. ಅಚ್ಚಿನಿಂದ ತೆಗೆದ ಮೇಲೆ ಆರು ವಾರ ಒಣಗಿಸುತ್ತೇನೆ. ತುಂಬಾ ಒಣ ಚರ್ಮದವರಿಗೆ ಇದು ಒಗ್ಗದಿರಬಹುದು. ಚರ್ಮರೋಗಕ್ಕೆ ವೈದ್ಯರನ್ನೇ ಕಾಣಿ.’

ಮಗಳು ಇಲ್ಲೂ ಇದ್ದಾಳೆ, ಆದರೆ ಸಾಕ್ಷಿಯಾಗಿ ಅಲ್ಲ, ಕಾರಣವಾಗಿ. ಒಬ್ಬಳ ಅನುಭವ ಉಳಿದವರ ಚರ್ಮಕ್ಕೆ ಪುರಾವೆಯಾಗದು. ‘ಒಗ್ಗದಿರಬಹುದು’ ಎಂದರೆ ವ್ಯಾಪಾರ ಕೆಡುತ್ತದೆಂಬ ಅಂಜಿಕೆ ಸಹಜ. ನನಗಂತೂ ಇಡೀ ಪುಟದಲ್ಲಿ ಹೆಚ್ಚು ನಂಬಿಕೆ ಬಂದದ್ದು ಆ ಸಾಲಿನಿಂದಲೇ: ಸೋಪು ಕ್ಷಾರೀಯ, ಒಣ ಚರ್ಮವನ್ನು ಇನ್ನಷ್ಟು ಬಿಗಿಯಿಸುವುದು ನಿಜ.

ತಯಾರಿಕಾ ಪರವಾನಗಿಯ ಸಂಖ್ಯೆ, ವಿಳಾಸ ಕೆಳಗಿರಲಿ. ಫೋಟೋ ಕೂಡ ಬಾಡಿಗೆ ಮಾಡೆಲ್‌ನದ್ದಲ್ಲ, ಸೋಪು ಕತ್ತರಿಸುವ ಅವರದ್ದೇ ಇರಲಿ.